ಕಾಫಿ ಬೀಜದ ವಿಂಗಡಣೆ: ಜರಡಿ ಮತ್ತು ದೋಷಗಣನೆ

ಕೊಡಗು, ಚಿಕ್ಕಮಗಳೂರು ಭಾಗದ ತೋಟಗಳಿಂದ ಬರುವ ಪಾರ್ಚ್‌ಮೆಂಟ್ ಕಾಫಿಯ ಗಡಸು ಸಿಪ್ಪೆಯನ್ನು ಕ್ಯೂರಿಂಗ್ ಕಾರ್ಖಾನೆಯಲ್ಲಿ ಮೊದಲು ಯಂತ್ರದಿಂದ ಸುಲಿಯಲಾಗುತ್ತದೆ. ಬಳಿಕ ಹಸಿರು ಬೀಜವನ್ನು ದುಂಡು ರಂಧ್ರದ ಜರಡಿಗಳಲ್ಲಿ ಗಾತ್ರಾನುಸಾರ ವಿಂಗಡಿಸುವರು. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ಬೆಳೆದರೆ ಅದು ಚಪ್ಪಟೆ ಬದಿಯಿಲ್ಲದೆ ಗುಂಡಗಾಗುತ್ತದೆ. ಈ ಪೀಬೆರಿಯನ್ನು ಉದ್ದ ಸೀಳಿನ ಜರಡಿಯಿಂದ ಬೇರ್ಪಡಿಸುವರು.

ಆದರೆ ಗಾತ್ರವು ಗುಣಕ್ಕೆ ಸಾಕ್ಷಿಯಲ್ಲ. ಆದುದರಿಂದ ದೋಷಗಳನ್ನೂ ಎಣಿಸಬೇಕು. ವಿಶೇಷ ದರ್ಜೆಗೆ ಬಹುಕಾಲ ಅನುಸರಿಸಲಾದ ಪದ್ಧತಿಯಲ್ಲಿ 350 ಗ್ರಾಂ ಮಾದರಿಯಲ್ಲಿನ 5 ಒಡಕು ಬೀಜಗಳು ಸೇರಿ ಒಂದು ಪೂರ್ಣ ದೋಷವೆನಿಸುತ್ತವೆ. ಹೀಗೆ 15 ಒಡಕುಗಳಿಗೆ 3 ದೋಷಗಳಾಗಿ, ಮಾದರಿಯು 5ರ ಮಿತಿಯೊಳಗೆ ಉಳಿಯುತ್ತದೆ. ಆದರೆ ಪೂರ್ತಿ ಕಪ್ಪಾದ ಒಂದೇ ಬೀಜ ಸಿಕ್ಕರೂ ದರ್ಜೆ ತಪ್ಪುತ್ತದೆ. ಗಾತ್ರವನ್ನಷ್ಟೇ ಅಳೆಯುವ ಜರಡಿಗೆ ಆ ಕಪ್ಪು ಕಾಣದು. ವರ್ಣವಿಂಗಡಣೆ ಯಂತ್ರ ಬರುವವರೆಗೆ ಅದನ್ನು ಹೆಕ್ಕಿ ತೆಗೆದದ್ದು ಆರಿಸುವ ಹೆಂಗಸರ ಕಣ್ಣು, ಕೈ.