ನೇರಳೆಯೋ, ಗುಲಾಬಿಯೋ?

ಗಾಯದಲ್ಲಿ ಕೀವು ಕಟ್ಟಿಸುವ ಸ್ಟೆಫಿಲೊಕಾಕಸ್ ಮತ್ತು ನಮ್ಮ ಕರುಳಿನಲ್ಲಿ ಬದುಕುವ ಇ. ಕೋಲಿ, ಈ ಎರಡೂ ಬ್ಯಾಕ್ಟೀರಿಯಾಗಳನ್ನು ಒಂದೇ ಗಾಜಿನ ಸ್ಲೈಡಿನ ಮೇಲೆ ಹನಿ ನೀರಿನಲ್ಲಿ ಬೆರೆಸಿ ತೆಳುವಾಗಿ ಸವರೋಣ. ಬಣ್ಣ ಹಾಕದಿದ್ದರೆ ಸೂಕ್ಷ್ಮದರ್ಶಕದಲ್ಲೂ ಅವು ಸರಿಯಾಗಿ ಕಾಣುವುದಿಲ್ಲ, ಅಷ್ಟು ಪಾರದರ್ಶಕ.

ಸವರಿದ್ದು ಒಣಗಿದ ಮೇಲೆ ಸ್ಲೈಡನ್ನು ಉರಿಯ ಮೇಲೆ ಎರಡು ಮೂರು ಸಲ ಹಾಯಿಸಿದರೆ ಬ್ಯಾಕ್ಟೀರಿಯಾಗಳು ಗಾಜಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಕ್ರಿಸ್ಟಲ್ ವಯಲೆಟ್ ಹಾಕಿ ಒಂದು ನಿಮಿಷ ಬಿಟ್ಟು ತೊಳೆಯಬೇಕು. ನಂತರ ಅಯೋಡಿನ್ ದ್ರಾವಣ, ಅದೂ ಒಂದು ನಿಮಿಷ. ಜೀವಕೋಶದೊಳಗೆ ಹೊಕ್ಕ ಬಣ್ಣದ ಜೊತೆ ಅಯೋಡಿನ್ ಕೂಡಿಕೊಂಡು ದೊಡ್ಡ ಕಣಗಳಾಗುತ್ತವೆ. ಇಲ್ಲಿಯವರೆಗೆ ಎರಡು ಜಾತಿಗಳೂ ಕಡು ನೇರಳೆಯೇ.

ಬೇರ್ಪಡುವುದು ಮುಂದಿನ ಕೆಲವೇ ಸೆಕೆಂಡುಗಳಲ್ಲಿ, ಆಲ್ಕೋಹಾಲ್ ಸುರಿದಾಗ. ಸ್ಟೆಫಿಲೊಕಾಕಸ್‌ನ ಗೋಡೆ ಪೆಪ್ಟಿಡೋಗ್ಲೈಕಾನ್ ಎಂಬ ವಸ್ತುವಿನ ಹಲವು ಪದರಗಳ ದಪ್ಪ ಹೆಣಿಗೆ. ಆಲ್ಕೋಹಾಲ್ ಅದರ ನೀರನ್ನು ಹೀರಿದಾಗ ಹೆಣಿಗೆ ಬಿಗಿದು, ರಂಧ್ರಗಳು ಕಿರಿದಾಗುತ್ತವೆ. ದೊಡ್ಡ ಬಣ್ಣದ ಕಣಗಳು ಒಳಗೇ ಸಿಕ್ಕಿಕೊಳ್ಳುತ್ತವೆ. ಇ. ಕೋಲಿಯ ಹೆಣಿಗೆ ಬಹಳ ತೆಳು. ಅದರ ಹೊರಗೆ ಕೊಬ್ಬಿನಂಶವಿರುವ ಇನ್ನೊಂದು ಪೊರೆಯೂ ಇದೆ. ಆಲ್ಕೋಹಾಲ್ ಆ ಪೊರೆಯನ್ನು ಕರಗಿಸಿ ಹಾಳುಮಾಡಿದಾಗ, ಉಳಿದ ತೆಳು ಗೋಡೆಗೆ ಬಣ್ಣವನ್ನು ತಡೆಯಲಾಗದು. ಇ. ಕೋಲಿ ಮತ್ತೆ ಬಣ್ಣಗೆಡುತ್ತದೆ.

ಕೊನೆಗೆ ಸ್ಯಾಫ್ರನಿನ್. ಈ ಕೆಂಪು ಬಣ್ಣ ಎರಡಕ್ಕೂ ಹತ್ತುತ್ತದೆ, ಆದರೆ ಸ್ಟೆಫಿಲೊಕಾಕಸ್‌ನ ನೇರಳೆಯ ಮುಂದೆ ಕಾಣುವುದಿಲ್ಲ. ಈಗ ಸಾವಿರ ಪಟ್ಟು ಹಿಗ್ಗಿಸಿ ನೋಡಿದರೆ ನೇರಳೆ ಗುಂಡುಗಳ ಗೊಂಚಲು ಒಂದೆಡೆ, ಗುಲಾಬಿ ಕಡ್ಡಿಗಳು ಇನ್ನೊಂದೆಡೆ. ಮೊದಲನೆಯದು ಗ್ರಾಮ್ ಪಾಸಿಟಿವ್, ಎರಡನೆಯದು ಗ್ರಾಮ್ ನೆಗೆಟಿವ್.

1884ರಲ್ಲಿ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬರ್ಲಿನ್ನಿನಲ್ಲಿದ್ದಾಗ ಈ ವಿಧಾನ ಪ್ರಕಟಿಸಿದರು. ಅವರಿಗೆ ಬೇಕಿದ್ದದ್ದು ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ಅಂಗಾಂಶದಲ್ಲಿ ಬ್ಯಾಕ್ಟೀರಿಯಾಗಳನ್ನು ಗುರುತಿಸುವುದಷ್ಟೇ. ಟೈಫಾಯ್ಡ್ ಬ್ಯಾಕ್ಟೀರಿಯಾ ಬಣ್ಣ ಕಳೆದುಕೊಂಡದ್ದನ್ನೂ ಅವರು ಬರೆದಿಟ್ಟರು. ಹಾಗೆ ಕಳೆದುಕೊಳ್ಳುವುದೇ ಗೋಡೆಯ ಸುದ್ದಿ ಹೇಳುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಲ್ಯಾಬಿನಲ್ಲಿ ಫಲಿತಾಂಶ ಕೆಡುವುದೂ ಹೆಚ್ಚಾಗಿ ಆಲ್ಕೋಹಾಲಿನ ಹಂತದಲ್ಲೇ. ಹೆಚ್ಚು ಹೊತ್ತು ಸುರಿದರೆ ಸ್ಟೆಫಿಲೊಕಾಕಸ್ ಕೂಡ ಗುಲಾಬಿಯಾಗುತ್ತದೆ. ಕಡಿಮೆಯಾದರೆ, ಅಥವಾ ದಪ್ಪಗೆ ಸವರಿದ್ದರೆ, ಇ. ಕೋಲಿಯೂ ನೇರಳೆಯಾಗಿ ಉಳಿಯುತ್ತದೆ. ಕೀವಿನ ಸ್ಲೈಡಿನಲ್ಲಿ ಇದಕ್ಕೊಂದು ಒಳ್ಳೆಯ ಗುರುತಿದೆ: ಬಿಳಿ ರಕ್ತಕಣಗಳ ಕೇಂದ್ರ ಗುಲಾಬಿಯಾಗಿರಬೇಕು. ಅದು ನೇರಳೆಯಾಗಿದ್ದರೆ ಆಲ್ಕೋಹಾಲ್ ಸಾಲಲಿಲ್ಲ. ಹಳೆಯ ಕಲ್ಚರ್‌ನಲ್ಲಿ ಇನ್ನೊಂದು ತೊಡಕು. ಗೋಡೆ ಶಿಥಿಲವಾದ ಸ್ಟೆಫಿಲೊಕಾಕಸ್ ಗುಲಾಬಿಯಾಗಿ ಕಾಣಬಹುದು, ಹಾಗಾಗಿ ಸುಮಾರು ಒಂದು ದಿನದ ಹೊಸ ಬೆಳೆಯೇ ಬೇಕು. ಕ್ಷಯದ ಬ್ಯಾಕ್ಟೀರಿಯಾಕ್ಕಂತೂ ಈ ಪರೀಕ್ಷೆ ಒಗ್ಗುವುದಿಲ್ಲ. ಅದರ ಮೇಣದಂಥ ಗೋಡೆಯೊಳಗೆ ಈ ಬಣ್ಣಗಳು ಸರಿಯಾಗಿ ಇಳಿಯುವುದಿಲ್ಲ, ಅದಕ್ಕೆ ಜೀಲ್-ನೀಲ್ಸನ್‌ನಂಥ ಬೇರೆ ವಿಧಾನ ಬಳಸಬೇಕು.