ಅರ್ಧ ಶೇಕಡಾ ಬಡ್ಡಿ, ನೂರಾರು ಕೋಟಿ ಕೊರತೆ

ಭಾರತೀಯ ಸ್ಟೇಟ್ ಬ್ಯಾಂಕಿನ ಇತಿಹಾಸದಲ್ಲಿ 2011ರ ಮಾರ್ಚ್ ತ್ರೈಮಾಸಿಕ ಹೂಡಿಕೆದಾರರಿಗೆ ಇನ್ನೂ ನೆನಪಿದೆ. ಅದರ ಹಿಂದಿನ ವರ್ಷ ಅದೇ ಮೂರು ತಿಂಗಳಲ್ಲಿ 1,800 ಕೋಟಿಗೂ ಹೆಚ್ಚಿದ್ದ ಲಾಭ 20.88 ಕೋಟಿಗೆ ಇಳಿದಿತ್ತು. ವಸೂಲಾಗದ ಸಾಲಗಳಿಗೆ ತೆಗೆದಿಟ್ಟ ಹಣವೇ ಅಂದು ಹೆಚ್ಚು ಚರ್ಚೆಯಾದದ್ದು. ಆದರೆ ಅದಕ್ಕಿಂತ ದೊಡ್ಡ ಇನ್ನೊಂದು ಮೊತ್ತ ಆ ಲಾಭದ ಅಂಕಿಯೊಳಗೆ ಬರಲೇ ಇಲ್ಲ. ರಿಸರ್ವ್ ಬ್ಯಾಂಕಿನ ಒಪ್ಪಿಗೆ ಪಡೆದು, ಸುಮಾರು 7,900 ಕೋಟಿ ರೂಪಾಯಿಯನ್ನು ಮೀಸಲು ನಿಧಿಯಿಂದ ನೇರವಾಗಿ ಕಳೆಯಲಾಗಿತ್ತು. ಅದು ನೌಕರರ ಪಿಂಚಣಿಯ ಬಾಧ್ಯತೆ.

ಇಷ್ಟು ದೊಡ್ಡ ಹೊಣೆ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿಯಲು ಪಿಂಚಣಿಯ ಕರಾರನ್ನೇ ನೋಡಬೇಕು. 1995ರ ನಿಯಮಾವಳಿಯಂತೆ ಸರ್ಕಾರಿ ಬ್ಯಾಂಕಿನ ನೌಕರ 33 ವರ್ಷದ ಅರ್ಹ ಸೇವೆ ಮುಗಿಸಿದರೆ, ಕೊನೆಯ ಹತ್ತು ತಿಂಗಳ ಸರಾಸರಿ ವೇತನದ ಅರ್ಧದಷ್ಟು ಪಿಂಚಣಿ ಸಿಗುತ್ತದೆ. ಎಷ್ಟು ಕಟ್ಟಿದ್ದೀರಿ, ಮಾರುಕಟ್ಟೆ ಏರಿತೋ ಇಳಿಯಿತೋ ಎಂಬ ಮಾತೇ ಇಲ್ಲ. ಕೊನೆಯಲ್ಲಿ ಸಿಗುವುದು ಇಷ್ಟು ಎಂದು ಮೊದಲೇ ನಿಗದಿಯಾಗಿದೆ. ಅದಕ್ಕೆ ಬೇಕಾದ ಹಣ ಹೊಂದಿಸುವುದು ಬ್ಯಾಂಕಿನ ತಲೆನೋವು. 2010ರ ಏಪ್ರಿಲ್ 1ರ ನಂತರ ಸೇರಿದವರಿಗೆ ಇದು ತಿರುಗುಮುರುಗಾಗಿದೆ. ಅವರ ವಿಷಯದಲ್ಲಿ ಬ್ಯಾಂಕ್ ತನ್ನ ಪಾಲು ಕಟ್ಟಿ ಕೈತೊಳೆದುಕೊಳ್ಳುತ್ತದೆ, ಏರಿಳಿತ ನೌಕರನ ಪಾಲಿಗೆ. ಹಾಗಾಗಿ ನಾವಿಲ್ಲಿ ಮಾತಾಡುತ್ತಿರುವುದು ಹಳಬರ ಪಿಂಚಣಿಯ ಬಗ್ಗೆ.

ಒಬ್ಬ ಅಧಿಕಾರಿಯ ಲೆಕ್ಕ ಹಾಕೋಣ. ವಯಸ್ಸು 50. 23 ವರ್ಷದ ಸೇವೆಯಾಗಿದೆ, ಇನ್ನು ಹತ್ತು ವರ್ಷಕ್ಕೆ ನಿವೃತ್ತಿ. ಈಗಿನ ವೇತನ ತಿಂಗಳಿಗೆ 80,000. ವೇತನ ವರ್ಷಕ್ಕೆ ಶೇ. 6ರಂತೆ ಏರಿದರೆ ನಿವೃತ್ತಿಯ ಹೊತ್ತಿಗೆ ಸುಮಾರು 1,43,000 ಆಗುತ್ತದೆ. ಅದರ ಅರ್ಧ ತಿಂಗಳಿಗೆ ಸುಮಾರು 71,600, ವರ್ಷಕ್ಕೆ 8.6 ಲಕ್ಷ. ನಿವೃತ್ತಿಯ ನಂತರ ಇಪ್ಪತ್ತು ವರ್ಷ ಬದುಕುತ್ತಾರೆ ಎಂದುಕೊಳ್ಳಿ. ಅಂದರೆ ಹತ್ತು ವರ್ಷದ ಬಳಿಕ ಶುರುವಾಗಿ ಇಪ್ಪತ್ತು ವರ್ಷ, ವರ್ಷಕ್ಕೆ 8.6 ಲಕ್ಷ ಕೊಡಬೇಕು. ತುಟ್ಟಿಭತ್ಯೆಯನ್ನೂ, ಕುಟುಂಬ ಪಿಂಚಣಿಯನ್ನೂ ಸದ್ಯಕ್ಕೆ ಬದಿಗಿಡೋಣ. ಅವು ಸೇರಿದರೆ ಮೊತ್ತ ಇನ್ನೂ ಬೆಳೆಯುತ್ತದೆಯೇ ಹೊರತು ಕುಗ್ಗುವುದಿಲ್ಲ.

ಮುಂದೆಂದೋ ಕೊಡಬೇಕಾದ ಈ ಹಣಕ್ಕೆ ಇಂದು ಎಷ್ಟು ತೆಗೆದಿಡಬೇಕು? ತೆಗೆದಿಟ್ಟದ್ದು ಶೇ. 7ರ ಬಡ್ಡಿ ತರುತ್ತದೆ ಎಂದರೆ, ನಿವೃತ್ತಿಯ ದಿನ ಕೈಯಲ್ಲಿ 91 ಲಕ್ಷ ಇರಬೇಕು. ಅದಕ್ಕಾಗಿ ಇಂದು ಬೇಕಿರುವುದು ಸುಮಾರು 46.3 ಲಕ್ಷ. ಆದರೆ ಅಷ್ಟೂ ಇಂದಿನ ಸಾಲವಲ್ಲ. 33 ವರ್ಷದಲ್ಲಿ ಅವರು ದುಡಿದದ್ದು 23 ವರ್ಷ ಮಾತ್ರ. ಆ ಪಾಲು ಹಿಡಿದರೆ 32.3 ಲಕ್ಷ. ಇದು ಇಂದಿನ ದಿನಕ್ಕೆ ಈ ಒಬ್ಬರ ಮೇಲಿರುವ ಬಾಧ್ಯತೆ. ಸೇವೆಯ ವರ್ಷಗಳಿಗೆ ಹಂಚಿ, ಭವಿಷ್ಯದ ವೇತನವನ್ನೂ ಹಿಡಿದು ಹೀಗೆ ಲೆಕ್ಕ ಹಾಕುವುದಕ್ಕೆ ಪ್ರೊಜೆಕ್ಟೆಡ್ ಯೂನಿಟ್ ಕ್ರೆಡಿಟ್ ವಿಧಾನ ಎನ್ನುತ್ತಾರೆ. ಪ್ರತಿ ಮಾರ್ಚ್ 31ಕ್ಕೆ ಆಕ್ಚುಯರಿ ಎಂಬ ವಿಮಾಗಣಕ ಸಾವಿರಾರು ನೌಕರರಿಗೂ ಪಿಂಚಣಿದಾರರಿಗೂ ಇದನ್ನೇ ಮಾಡುತ್ತಾನೆ. ಯಾರು ಯಾವ ವಯಸ್ಸಿಗೆ ತೀರಿಕೊಳ್ಳುತ್ತಾರೆ, ಎಷ್ಟು ಮಂದಿ ನಡುವೆಯೇ ಕೆಲಸ ಬಿಡುತ್ತಾರೆ ಎಂಬ ಸಂಭವನೀಯತೆಗಳನ್ನು ಅದಕ್ಕೆ ಬೆರೆಸುತ್ತಾನೆ.

ಈಗ ಒಂದೊಂದೇ ಊಹೆಯನ್ನು ಅಲುಗಾಡಿಸಿ ನೋಡಿ. ಅಧಿಕಾರಿ ಇಪ್ಪತ್ತರ ಬದಲು ಇಪ್ಪತ್ತೆರಡು ವರ್ಷ ಪಿಂಚಣಿ ಪಡೆದರೆ ಬಾಧ್ಯತೆ 33.7 ಲಕ್ಷವಾಗುತ್ತದೆ. ವೇತನ ಶೇ. 6ರ ಬದಲು ಶೇ. 7ರಂತೆ ಏರಿದರೆ 35.4 ಲಕ್ಷ. ಬಡ್ಡಿ ದರ ಶೇ. 7ರಿಂದ ಬರೀ ಅರ್ಧ ಶೇಕಡಾ ಇಳಿದು 6.5 ಆದರೆ 35.2 ಲಕ್ಷ. ಅಂದರೆ ಎರಡು ವರ್ಷ ಹೆಚ್ಚು ಬದುಕಿದ್ದಕ್ಕಿಂತ, ಸಾಲಪತ್ರದ ಮಾರುಕಟ್ಟೆಯ ಅರ್ಧ ಶೇಕಡಾ ಅಲುಗಾಟವೇ ಎರಡು ಪಟ್ಟು ಹೊರೆ ಹೇರಿತು. ಅವರ ಸಂಬಳ ಬದಲಾಗಿಲ್ಲ, ಆರೋಗ್ಯ ಬದಲಾಗಿಲ್ಲ, ಕೊಡಬೇಕಾದ ಪಿಂಚಣಿಯೂ ಒಂದು ಪೈಸೆ ಬದಲಾಗಿಲ್ಲ. ಹಣ ಇಂದಿನಿಂದ ಬೆಳೆಯುವ ವೇಗ ಕಮ್ಮಿಯಾಗಿದೆ, ಅದಕ್ಕೇ ಇಂದು ಹೆಚ್ಚು ಇಡಬೇಕು.

ಈ ಡಿಸ್ಕೌಂಟ್ ದರವನ್ನು ಬ್ಯಾಂಕ್ ತನಗೆ ಬೇಕಾದಂತೆ ಇಟ್ಟುಕೊಳ್ಳುವಂತಿಲ್ಲ. ನಮ್ಮ ಬ್ಯಾಂಕುಗಳು ಪಾಲಿಸುವ ಎಎಸ್ 15 ಲೆಕ್ಕ ಮಾನದಂಡದ ಪ್ರಕಾರ, ಬಾಧ್ಯತೆಯಷ್ಟೇ ದೀರ್ಘ ಅವಧಿಯ ಸರ್ಕಾರಿ ಸಾಲಪತ್ರಗಳು ವರ್ಷದ ಕೊನೆಯ ದಿನ ಎಷ್ಟು ಇಳುವರಿ ಕೊಡುತ್ತಿದ್ದವೋ ಅದನ್ನೇ ಹಿಡಿಯಬೇಕು. ವೇತನ ಏರಿಕೆಯ ಊಹೆ ಮಾತ್ರ ಆಡಳಿತ ಮಂಡಳಿ ಕೊಡುವಂಥದ್ದು. ನನ್ನ ಅನುಮಾನ ಹುಟ್ಟುವುದು ಅಲ್ಲಿಯೇ. ಬ್ಯಾಂಕ್ ನೌಕರರ ವೇತನ ವರ್ಷವರ್ಷ ಸಮನಾಗಿ ಏರುವುದಿಲ್ಲ. ಐದು ವರ್ಷಕ್ಕೊಮ್ಮೆ ಒಕ್ಕೂಟಗಳ ಜೊತೆಗಿನ ದ್ವಿಪಕ್ಷೀಯ ಒಪ್ಪಂದದಲ್ಲಿ ಒಮ್ಮೆಗೇ ಜಿಗಿಯುತ್ತದೆ. 2024ರ ಮಾರ್ಚ್ 8ರಂದು ಸಹಿಯಾದ ಹನ್ನೆರಡನೇ ಒಪ್ಪಂದ ಶೇ. 17ರ ಏರಿಕೆಯನ್ನು 2022ರ ನವೆಂಬರ್‌ನಿಂದಲೇ ಅನ್ವಯಿಸಿತು. ವಾರ್ಷಿಕ ಬಡ್ತಿ, ತುಟ್ಟಿಭತ್ಯೆಗಳ ಜೊತೆಗೆ ಈ ಜಿಗಿತವನ್ನೂ ಊಹೆಯಲ್ಲಿ ಸೇರಿಸದಿದ್ದರೆ, ಒಪ್ಪಂದವಾದ ವರ್ಷ ಹಳೆಯ ಸೇವೆಯ ಬಾಧ್ಯತೆಯೂ ಒಂದೇ ಏಟಿಗೆ ಹಿಗ್ಗುತ್ತದೆ. ಊಹೆಗೂ ನಡೆದದ್ದಕ್ಕೂ ನಡುವಿನ ಈ ಅಂತರವೇ ಆಕ್ಚುಯೇರಿಯಲ್ ನಷ್ಟ. ವ್ಯತ್ಯಾಸ ಉಲ್ಟಾ ಆದರೆ ಅದು ಲಾಭ.

ಬಾಧ್ಯತೆ ಒಂದು ಕಡೆಯಾಯಿತು. ಇನ್ನೊಂದು ಕಡೆ ನಿಧಿ ಇದೆ. ಬ್ಯಾಂಕ್ ಪ್ರತಿ ತಿಂಗಳೂ ಟ್ರಸ್ಟಿಗೆ ಹಣ ಕಟ್ಟುತ್ತದೆ, ಟ್ರಸ್ಟ್ ಅದನ್ನು ಬಹುಪಾಲು ಸಾಲಪತ್ರಗಳಲ್ಲಿ ಹೂಡುತ್ತದೆ. ನಮ್ಮ ಅಧಿಕಾರಿಯಂಥವರೇ 10,000 ಮಂದಿ ಇರುವ ಬ್ಯಾಂಕನ್ನು ಕಲ್ಪಿಸಿಕೊಳ್ಳಿ. ಬಾಧ್ಯತೆ 3,230 ಕೋಟಿ, ನಿಧಿಯಲ್ಲಿರುವ ಆಸ್ತಿಯ ಮಾರುಕಟ್ಟೆ ಬೆಲೆ 3,200 ಕೋಟಿ. ಬ್ಯಾಲೆನ್ಸ್ ಶೀಟಿನಲ್ಲಿ ಈ ಎರಡು ಅಂಕಿಗಳು ಕಾಣುವುದೇ ಇಲ್ಲ. ಒಂದರಿಂದ ಇನ್ನೊಂದನ್ನು ಕಳೆದು ಉಳಿದ 30 ಕೋಟಿ ಮಾತ್ರ ‘ಇತರ ಬಾಧ್ಯತೆಗಳು ಮತ್ತು ಪ್ರಾವಿಷನ್‌ಗಳು’ ಎಂಬ ಸಾಲಿನೊಳಗೆ, ಹಲವು ಬಾಬತ್ತುಗಳ ಜೊತೆ ಸೇರಿಕೊಂಡುಬಿಡುತ್ತದೆ. ಮೂರು ಸಾವಿರ ಕೋಟಿಯ ಹೊಣೆ ಮೂವತ್ತು ಕೋಟಿಯ ಹಾಗೆ ಕಾಣುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ, ಅಪಾಯ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಮುಂದಿನ ಮಾರ್ಚ್ 31ಕ್ಕೆ ಇಳುವರಿ ಅರ್ಧ ಶೇಕಡಾ ಇಳಿಯಿತೆನ್ನಿ. ಹೊಸ ಸೇವೆ, ಹೊಸ ವಂತಿಗೆಗಳನ್ನು ಬಿಟ್ಟು ಬಡ್ಡಿಯ ಪರಿಣಾಮವನ್ನಷ್ಟೇ ನೋಡಿದರೆ ಬಾಧ್ಯತೆ 3,520 ಕೋಟಿಗೆ ಏರುತ್ತದೆ. ಬಡ್ಡಿ ಇಳಿದಾಗ ನಿಧಿಯಲ್ಲಿರುವ ಸಾಲಪತ್ರಗಳ ಬೆಲೆಯೂ ಏರುತ್ತದಲ್ಲ ಎಂದು ಕೇಳಬಹುದು. ಏರುತ್ತದೆ, ಆದರೆ ಅಷ್ಟಲ್ಲ. ಪಿಂಚಣಿಯ ಹೊಣೆ ಮೂವತ್ತು ವರ್ಷ ಚಾಚಿಕೊಂಡಿದೆ, ನಿಧಿಯ ಸಾಲಪತ್ರಗಳು ಸಾಮಾನ್ಯವಾಗಿ ಅದಕ್ಕಿಂತ ಬೇಗ ತೀರುವಂಥವು. ಅವಧಿ ಉದ್ದವಾದಷ್ಟೂ ಬಡ್ಡಿಯ ಹೊಡೆತ ಜೋರು. ನಿಧಿ 110 ಕೋಟಿ ಬೆಳೆದು 3,310 ಕೋಟಿ ಆಯಿತೆಂದರೆ ಕೊರತೆ 30ರಿಂದ 210 ಕೋಟಿಗೆ ಹೋಗುತ್ತದೆ. ಏಳು ಪಟ್ಟು!

ಈ 180 ಕೋಟಿ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಬ್ಯಾಂಕಿಗೂ ಉಳಿದ ದೊಡ್ಡ ಕಂಪನಿಗಳಿಗೂ ದಾರಿ ಬೇರೆ. ಎಎಸ್ 15ರಲ್ಲಿ ಅದು ಆ ವರ್ಷವೇ ಲಾಭ-ನಷ್ಟ ಖಾತೆಗೆ ಬೀಳುತ್ತದೆ. ಲಿಸ್ಟ್ ಆದ ದೊಡ್ಡ ಕಂಪನಿಗಳು ಅನುಸರಿಸುವ ಇಂಡ್ ಎಎಸ್ 19ರಲ್ಲಿ ಅದು ಲಾಭವನ್ನು ಮುಟ್ಟದೆ ‘ಇತರ ಸಮಗ್ರ ಆದಾಯ’ದ ಮೂಲಕ ಸೀದಾ ಷೇರುದಾರರ ನಿಧಿಗೆ ಹೋಗುತ್ತದೆ, ಮತ್ತೆಂದೂ ಲಾಭದ ಖಾತೆಗೆ ಮರಳುವುದಿಲ್ಲ. ಹಾಗಾಗಿ ಕಾರ್ಖಾನೆಯೊಂದರ ಲಾಭವನ್ನಷ್ಟೇ ನೋಡಿ ಪಿಂಚಣಿ, ಗ್ರಾಚ್ಯುಯಿಟಿ ಸುಸ್ಥಿತಿಯಲ್ಲಿವೆ ಎಂದು ತೀರ್ಮಾನಿಸಬಾರದು. ಬ್ಯಾಂಕುಗಳಿಗೂ ಆಗಾಗ ವಿನಾಯಿತಿ ಸಿಕ್ಕಿದೆ. 2010ರಲ್ಲಿ ಪಿಂಚಣಿಗೆ ಎರಡನೇ ಅವಕಾಶ ಕೊಟ್ಟಾಗ ಬಂದ ಹೊರೆಯನ್ನು ಐದು ವರ್ಷಕ್ಕೆ ಹಂಚಲು ರಿಸರ್ವ್ ಬ್ಯಾಂಕ್ ಒಪ್ಪಿತು. 2021ರಲ್ಲಿ ಕುಟುಂಬ ಪಿಂಚಣಿ ಹೆಚ್ಚಿದಾಗಲೂ ಅಷ್ಟೇ. ಹಂಚಿದ್ದರಿಂದ ಹೊಣೆ ಕರಗುವುದಿಲ್ಲ. ಇನ್ನೂ ಖರ್ಚಿಗೆ ಬರೆಯದ ಪಾಲು ಟಿಪ್ಪಣಿಯಲ್ಲಿ ಮಾತ್ರ ಇರುತ್ತದೆ.

ಆದ್ದರಿಂದ ವಾರ್ಷಿಕ ವರದಿಯಲ್ಲಿ ನೋಡಬೇಕಾದದ್ದು ಕೊನೆಯ ಪುಟಗಳ ‘ನೌಕರರ ಸೌಲಭ್ಯಗಳು’ ಟಿಪ್ಪಣಿ. ಅಲ್ಲಿ ವರ್ಷದಾರಂಭದ ಬಾಧ್ಯತೆ, ಈ ವರ್ಷದ ಸೇವೆಗೆ ಸೇರಿದ್ದು, ಬಡ್ಡಿ, ಕೊಟ್ಟ ಪಿಂಚಣಿ, ಆಕ್ಚುಯೇರಿಯಲ್ ಲಾಭ ಅಥವಾ ನಷ್ಟ, ಕೊನೆಗೆ ವರ್ಷಾಂತ್ಯದ ಬಾಧ್ಯತೆ ಎಂದು ಸಾಲಾಗಿ ಇರುತ್ತವೆ. ಕೆಳಗೆ ಊಹೆಗಳ ಪಟ್ಟಿ. ಮೂರು ವರ್ಷದ ವರದಿಗಳನ್ನು ಪಕ್ಕಪಕ್ಕ ಇಟ್ಟು ಓದಿ. ಪ್ರತಿ ವರ್ಷವೂ ಆಕ್ಚುಯೇರಿಯಲ್ ನಷ್ಟವೇ ಬರುತ್ತಿದ್ದರೆ, ಅದರಲ್ಲೂ ಅನುಭವದಿಂದ ಬಂದ ನಷ್ಟ ಎಂದು ಬರೆದಿದ್ದರೆ, ವೇತನದ ಊಹೆ ಕಡಿಮೆಯಿರಬಹುದು. ಊಹೆ ಸರಿಯಿದ್ದರೆ ನಷ್ಟವೂ ಲಾಭವೂ ಸರದಿಯ ಮೇಲೆ ಬರಬೇಕು. ಡಿಸ್ಕೌಂಟ್ ದರ ಆ ದಿನದ ಸರ್ಕಾರಿ ಸಾಲಪತ್ರಗಳ ಇಳುವರಿಗಿಂತ ಎದ್ದು ಕಾಣುವಷ್ಟು ಮೇಲಿದ್ದರೂ ಪ್ರಶ್ನಿಸಬೇಕು.

ಪಿಂಚಣಿದಾರರು ಕೊರತೆಯ ಅಂಕಿ ಕಂಡು ಗಾಬರಿಯಾಗಬೇಕಿಲ್ಲ. ಪ್ರತಿ ವರ್ಷ ಆಕ್ಚುಯರಿಯ ಪರಿಶೀಲನೆಯ ನಂತರ ಬೇಕಾದ ಹೆಚ್ಚುವರಿ ಹಣವನ್ನು ನಿಧಿಗೆ ಕಟ್ಟುವುದು ಬ್ಯಾಂಕಿನ ಹೊಣೆ ಎಂದು ನಿಯಮಾವಳಿಯೇ ಹೇಳುತ್ತದೆ. ವಿಲೀನವಾದರೂ ಈ ಹೊಣೆ ಹೊಸ ಮಾಲೀಕರ ಹೆಗಲಿಗೆ ದಾಟುತ್ತದೆ. ಸಿಂಡಿಕೇಟ್ ಬ್ಯಾಂಕಿನವರದು ಕೆನರಾ ಬ್ಯಾಂಕಿಗೆ, ವಿಜಯಾ ಬ್ಯಾಂಕಿನವರದು ಬ್ಯಾಂಕ್ ಆಫ್ ಬರೋಡಾಕ್ಕೆ ಹೋದಂತೆ. ಕೊರತೆಯ ಬಿಸಿ ತಟ್ಟುವುದು ಷೇರುದಾರರಿಗೆ.

ಹೆಚ್ಚುವರಿಯ ಕಥೆ ಇಷ್ಟು ಸಲೀಸಲ್ಲ. ನಿಧಿಯಲ್ಲಿ ಬಾಧ್ಯತೆಗಿಂತ 100 ಕೋಟಿ ಹೆಚ್ಚಿದ್ದರೂ ಅದನ್ನು ಬ್ಯಾಂಕ್ ತನ್ನ ಆಸ್ತಿ ಎಂದು ಅಷ್ಟೂ ತೋರಿಸುವಂತಿಲ್ಲ. ಹಣ ಟ್ರಸ್ಟಿನದು. ವಾಪಸ್ ಪಡೆಯಲು ಹಕ್ಕಿರುವಷ್ಟು, ಇಲ್ಲವೇ ಮುಂದೆ ಕಟ್ಟಬೇಕಾದ ವಂತಿಗೆಯಲ್ಲಿ ಉಳಿಸಬಹುದಾದಷ್ಟು ಮಾತ್ರ ಆಸ್ತಿಯಾಗುತ್ತದೆ. ಈ ಮಿತಿ ಎಷ್ಟು ಮುಖ್ಯ ಎಂದು ಬ್ರಿಟನ್ 2022ರಲ್ಲಿ ಕಂಡಿತು. ಆ ವರ್ಷ ಸರ್ಕಾರಿ ಸಾಲಪತ್ರಗಳ ಇಳುವರಿ ಜಿಗಿದಾಗ ಪಿಂಚಣಿ ಬಾಧ್ಯತೆಗಳ ಇಂದಿನ ಮೌಲ್ಯ ಕುಸಿಯಿತು, ವರ್ಷಗಳಿಂದ ಕೊರತೆಯಲ್ಲಿದ್ದ ಅನೇಕ ಯೋಜನೆಗಳು ಹೆಚ್ಚುವರಿಗೆ ಬಂದವು. ಅದೇ ಜಿಗಿತದಲ್ಲಿ, ಸಾಲ ಮಾಡಿ ಸಾಲಪತ್ರ ಹಿಡಿದಿದ್ದ ನಿಧಿಗಳು ನಗದಿಗಾಗಿ ಅವನ್ನೇ ಸಿಕ್ಕ ಬೆಲೆಗೆ ಮಾರತೊಡಗಿ, ಸೆಪ್ಟೆಂಬರ್ 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ಖರೀದಿಗೆ ಇಳಿಯಬೇಕಾಯಿತು. ಕಾಗದದ ಮೇಲೆ ಹೆಚ್ಚುವರಿ, ಕೈಯಲ್ಲಿ ಕಾಸಿಲ್ಲ.

ನಮ್ಮ ಬ್ಯಾಂಕುಗಳಲ್ಲಿ 2010ರ ನಂತರ ಈ ಯೋಜನೆಗೆ ಹೊಸಬರು ಸೇರುತ್ತಿಲ್ಲ. ಹಳಬರು ವರ್ಷವರ್ಷ ನಿವೃತ್ತರಾಗುತ್ತಿದ್ದಾರೆ. ಸೇವೆಯಲ್ಲಿರುವವರ ಪಾಲು ಕರಗಿದಂತೆ ವೇತನದ ಊಹೆಯ ತೂಕ ಕಡಿಮೆಯಾಗುತ್ತದೆ. ಆಗ ಉಳಿಯುವುದು ತುಟ್ಟಿಭತ್ಯೆ ಎಷ್ಟು ಏರುತ್ತದೆ, ನಿವೃತ್ತರೂ ಅವರ ಸಂಗಾತಿಗಳೂ ಎಷ್ಟು ಕಾಲ ಬದುಕುತ್ತಾರೆ ಎಂಬ ಎರಡು ಪ್ರಶ್ನೆ. ನಿವೃತ್ತರ ಆಯುಷ್ಯ ಅಳೆಯಲು ಸಾಮಾನ್ಯ ವಿಮಾದಾರರ ಮರಣ ಕೋಷ್ಟಕ ಸಾಲದು. ಪಿಂಚಣಿದಾರರು ಹೆಚ್ಚು ಕಾಲ ಬದುಕುತ್ತಾರೆ ಎಂಬ ಕಾರಣಕ್ಕೇ ಅವರಂಥವರಿಗೆ ಬೇರೆ ಕೋಷ್ಟಕವಿದೆ. ಟಿಪ್ಪಣಿಯ ಊಹೆಗಳ ಪಟ್ಟಿಯಲ್ಲಿ ಯಾವ ಕೋಷ್ಟಕದ ಹೆಸರಿದೆ, ಅದು ಯಾವ ವರ್ಷಗಳದ್ದು ಎಂದು ಮುಂದಿನ ಬಾರಿ ಗಮನಿಸಿ.