ಒಂದು ಮಗುವಿನ 5 ಅಂಕ: ಓರೆತನ ಮತ್ತು ಕರ್ಟೋಸಿಸ್ ಏನನ್ನು ತೋರಿಸುತ್ತವೆ?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಲೆಗಳಲ್ಲಿ ಬೋಧನಾಭ್ಯಾಸ ಮುಗಿಸಿ ಹಾಸನಕ್ಕೆ ಮರಳುವ ಪ್ರಶಿಕ್ಷಣಾರ್ಥಿಗಳ ಸಾಧನಾ ಪರೀಕ್ಷೆಯ ದಾಖಲೆಗಳನ್ನು ನೋಡುವುದು ನನ್ನ ಪಾಲಿನ ಕೆಲಸ. ಸರಾಸರಿ, ಮಾನಕ ವಿಚಲನೆಗಳನ್ನು ಹೆಚ್ಚಿನವರು ಸರಿಯಾಗಿಯೇ ಲೆಕ್ಕ ಹಾಕಿರುತ್ತಾರೆ. ಕರ್ಟೋಸಿಸ್‌ಗೆ ಬಂದಾಗ ಮಾತ್ರ ಎಲ್ಲರದೂ ಒಂದೇ ವಾಕ್ಯ: ‘ವಕ್ರರೇಖೆಯ ತುದಿ ಚೂಪಾಗಿದೆ’ ಅಥವಾ ‘ಚಪ್ಪಟೆಯಾಗಿದೆ’. ನಾನೂ ಹಲವು ವರ್ಷ ಹಾಗೆಯೇ ಪಾಠ ಮಾಡಿದವನು.

ಅರಕಲಗೂಡಿನಿಂದ ಬಂದ ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದ ಪ್ರಶ್ನೆ ನನ್ನನ್ನು ನಿಲ್ಲಿಸಿತು. “ಸಾರ್, ನನ್ನ ತರಗತಿಯಲ್ಲಿ ಒಂದು ಮಗು ತುಂಬಾ ಹಿಂದಿದೆ. ಆದರೆ ಇಷ್ಟೆಲ್ಲ ಲೆಕ್ಕ ಮಾಡಿದರೂ ಅದು ಎಲ್ಲೂ ಕಾಣುವುದಿಲ್ಲವಲ್ಲ?” ಅವರಿಗೆ ಉತ್ತರಿಸಲು ಕಪ್ಪು ಹಲಗೆಯ ಮೇಲೆ ನಾನೇ ಒಂದು ಅಂಕಪಟ್ಟಿ ಕಟ್ಟಿದೆ. ಅದನ್ನೇ ಇಲ್ಲಿ ಕೊಡುತ್ತೇನೆ.

25 ಅಂಕಗಳ ಘಟಕ ಪರೀಕ್ಷೆ, 20 ಮಕ್ಕಳು. ಮೂವರಿಗೆ 13, ನಾಲ್ವರಿಗೆ 14, ಆರು ಮಂದಿಗೆ 15, ನಾಲ್ವರಿಗೆ 16, ಮೂವರಿಗೆ 17. ಸರಾಸರಿ 15, ಮಧ್ಯಾಂಕವೂ 15. ಈಗ 15 ಪಡೆದ ಒಂದು ಮಗುವಿನ ಅಂಕವನ್ನು ಮಾತ್ರ 5 ಎಂದು ಬದಲಿಸೋಣ. ಸರಾಸರಿ 14.5ಕ್ಕೆ ಇಳಿಯುತ್ತದೆ, ಅಷ್ಟೆ. ಮಧ್ಯಾಂಕ ಕದಲುವುದೇ ಇಲ್ಲ.

ಓರೆತನವನ್ನು ಕಾಣಲು ಪ್ರತಿ ಅಂಕವೂ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರದ ಘನಗಳ ಸರಾಸರಿಯನ್ನು ಮಾನಕ ವಿಚಲನೆಯ ಘನದಿಂದ ಭಾಗಿಸುತ್ತೇವೆ. ಘನದಲ್ಲಿ ಋಣ ಚಿಹ್ನೆ ಉಳಿಯುವುದರಿಂದ ಎರಡು ಬದಿಗಳು ಒಂದನ್ನೊಂದು ಎಳೆಯುತ್ತವೆ. ಮೊದಲ ಪಟ್ಟಿಯಲ್ಲಿ ಎಳೆತ ಸಮವಾಗಿ ಬಂದ ಉತ್ತರ 0. ಎರಡನೆಯದರಲ್ಲಿ −2.52: ಬಾಲ ಎಡಕ್ಕೆ, ಅಂದರೆ ಕಡಿಮೆ ಅಂಕಗಳ ಕಡೆಗೆ ಚಾಚಿದೆ. ಬಲಕ್ಕೆ ಚಾಚಿದ ಬಾಲ ಬೇಕಿದ್ದರೆ ನಮ್ಮ ಜಿಲ್ಲೆಯ ತಾಲ್ಲೂಕುವಾರು ಮಳೆಯನ್ನು ನೋಡಿ. ಚನ್ನರಾಯಪಟ್ಟಣ, ಅರಸೀಕೆರೆಗಳು ಒಂದು ಕಡೆ, ಮಲೆನಾಡಿನ ಸಕಲೇಶಪುರ ಬಹುದೂರ ಇನ್ನೊಂದು ಕಡೆ.

ಕರ್ಟೋಸಿಸ್‌ನಲ್ಲಿ ಘನದ ಬದಲು ನಾಲ್ಕನೇ ಘಾತ. ಚಿಹ್ನೆ ಅಳಿಸಿಹೋಗುತ್ತದೆ, ದೂರ ಮಾತ್ರ ಉಳಿಯುತ್ತದೆ. ಪ್ರಸಾಮಾನ್ಯ ವಕ್ರರೇಖೆಗೆ ಇದರ ಬೆಲೆ 3. ನಮ್ಮ ಮೊದಲ ಪಟ್ಟಿಗೆ 2.03, ಎರಡನೆಯದಕ್ಕೆ 10.29. ಈ ಏರಿಕೆಗೆ ಕಾರಣವೇನು? ನಡುವಿನ ತುದಿ ಚೂಪಾಗಿದ್ದಲ್ಲ. 15 ಪಡೆದವರು ಆರರಿಂದ ಐದಕ್ಕೆ ಇಳಿದು ಆ ತುದಿ ತಗ್ಗಿದೆ. ನಾಲ್ಕನೇ ಘಾತಗಳ ಒಟ್ಟು ಮೊತ್ತ ಸುಮಾರು 8298. ಅದರಲ್ಲಿ 5 ಅಂಕದ ಆ ಒಂದೇ ಮಗುವಿನ ಪಾಲು 8145. ನೂರಕ್ಕೆ 98ರಷ್ಟು! ಉಳಿದ ಹತ್ತೊಂಬತ್ತು ಮಕ್ಕಳು ಸೇರಿ ನೂರಕ್ಕೆ ಎರಡು. ಕರ್ಟೋಸಿಸ್ ಮಾತನಾಡುವುದು ಬಾಲದ ಬಗ್ಗೆ; ತುದಿಯ ಬಗ್ಗೆ ಅದು ಹೇಳುವುದು ಬಹಳ ಕಡಿಮೆ.

ಹಾಗಿದ್ದರೆ ಆ ಪ್ರಶಿಕ್ಷಣಾರ್ಥಿಗೆ ಮಗು ಏಕೆ ಕಾಣಲಿಲ್ಲ? ಅವರು ಬಳಸಿದ್ದು ಗ್ಯಾರೆಟ್ ಅವರ ಪುಸ್ತಕದಿಂದ ಬಿ.ಇಡಿ. ತರಗತಿಗಳಿಗೆ ಬಂದಿರುವ ಶತಾಂಶಕ ಸೂತ್ರ:

Ku = Q / (P90 − P10)

ನಮ್ಮ ಎರಡೂ ಪಟ್ಟಿಗಳಲ್ಲಿ ಚತುರ್ಥಕ ವಿಚಲನೆ Q 1, P90 17, P10 13. ಉತ್ತರ ಎರಡಕ್ಕೂ 0.25. ಕೆಳಗಿನ ಹತ್ತು ಶತಾಂಶದ ಆಚೆ ಏನಿದ್ದರೂ ಈ ಸೂತ್ರ ನೋಡುವುದಿಲ್ಲ. 20 ಮಕ್ಕಳಲ್ಲಿ ಕೊನೆಯ ಮಗು ಸರಿಯಾಗಿ ಅಲ್ಲೇ ಇದೆ.

ಇನ್ನೊಂದು ಎಡವಟ್ಟೂ ಇದೆ. ಶತಾಂಶಕ ಸೂತ್ರದಲ್ಲಿ ಪ್ರಸಾಮಾನ್ಯ ಬೆಲೆ 0.263, ಮತ್ತು ಅಲ್ಲಿ ಬೆಲೆ ಹೆಚ್ಚಿದರೆ ‘ಚಪ್ಪಟೆ’; ನಾಲ್ಕನೇ ಘಾತದ ಲೆಕ್ಕದಲ್ಲಿ 3ಕ್ಕಿಂತ ಕಡಿಮೆಯಾದರೆ ‘ಚಪ್ಪಟೆ’. ಹೀಗಾಗಿ ನಮ್ಮ ಮೊದಲ ಪಟ್ಟಿಯನ್ನು ಒಂದು ಸೂತ್ರ ಚೂಪು ಎನ್ನುತ್ತದೆ, ಇನ್ನೊಂದು ಚಪ್ಪಟೆ ಎನ್ನುತ್ತದೆ. ಕಂಪ್ಯೂಟರಿನ ಎಕ್ಸೆಲ್‌ನಲ್ಲಿ `KURT` ಬಳಸಿದವರಿಗೆ ಮೂರನೆಯ ಅಳತೆಗೋಲು: ಅಲ್ಲಿ ಪ್ರಸಾಮಾನ್ಯಕ್ಕೆ 0, ಜೊತೆಗೆ ಸಣ್ಣ ಗುಂಪಿಗಾಗಿ ಒಂದು ತಿದ್ದುಪಡಿ. ನಮ್ಮ ಎರಡನೇ ಪಟ್ಟಿಗೆ ಅದು 9.88 ಕೊಡುತ್ತದೆ. ಆದ್ದರಿಂದ ದಾಖಲೆಯಲ್ಲಿ ಬರೇ ಸಂಖ್ಯೆ ಬರೆದರೆ ಸಾಲದು, ಸೂತ್ರ ಯಾವುದೆಂದೂ ಬರೆಯಬೇಕು ಎಂದು ಈಗ ನಾನು ಹಟ ಹಿಡಿಯುತ್ತೇನೆ.

ಒಂದು ಅಂಕ ಬದಲಾದರೆ 2 ಇದ್ದದ್ದು 10 ಆಗುವಾಗ, 20 ಮಕ್ಕಳ ತರಗತಿಯಿಂದ ವಕ್ರರೇಖೆಯ ಆಕಾರವನ್ನು ಘೋಷಿಸುವುದು ಸರಿಯಲ್ಲ. ಓರೆತನ 0 ಬಂದರೂ ಎರಡು ಬದಿ ಒಂದೇ ಬಗೆ ಎಂದು ಖಾತ್ರಿಯಿಲ್ಲ. ಘನಗಳು ಬೇರೆ ಬೇರೆ ದಾರಿಯಲ್ಲಿ ಬಂದು ಸರಿದೂಗಿರಬಹುದು. ಕರ್ಟೋಸಿಸ್ ದೊಡ್ಡದಾಗಿ ಬಂದಾಗ ನಾನು ಪ್ರಶಿಕ್ಷಣಾರ್ಥಿಗೆ ಹೇಳುವುದಿಷ್ಟು: ಓರೆತನದ ಚಿಹ್ನೆ ನೋಡಿ ಬಾಲ ಯಾವ ಕಡೆಗಿದೆ ಎಂದು ತಿಳಿ, ಆ ಕೊನೆಯ ಉತ್ತರಪತ್ರಿಕೆಯನ್ನು ಹೊರತೆಗೆ. 15 ಬರೆಯುವಾಗ 1 ಬಿಟ್ಟುಹೋಗಿ 5 ಆಗಿರಬಹುದು, ಅದನ್ನು ಮೊದಲು ನೋಡು. ನಿಜವಾಗಿಯೂ 5 ಇದ್ದರೆ, ತಪ್ಪಿದ ಪ್ರಶ್ನೆಗಳಿಂದ ಆ ಮಗುವಿಗೊಂದು ನೈದಾನಿಕ ಪರೀಕ್ಷೆ ತಯಾರಿಸು.